ಮಿನಿಮಮ್ ಡ್ಯೂ ಅಷ್ಟ ಕಟ್ಟಿದ್ರ ಬಡ್ಡಿ ಹೆಂಗ ಬೆಳೀತೈತಿ: 40 ಸಾವಿರದ ಫ್ರಿಜ್ಜಿನ ಲೆಕ್ಕ

ನಮ್ಮ ಅತ್ತಿ ಮಗ ಹುಬ್ಬಳ್ಳ್ಯಾಗ ಗೋಕುಲ ರೋಡ್ ಕಡೆ ಒಂದು ಕಂಪನಿಯೊಳಗ ಕೆಲಸ ಮಾಡ್ತಾನ. ಹೋದ ವರ್ಷ ಜುಲೈ ತಿಂಗಳ ಕಡೀಕ ಫೋನ್ ಮಾಡಿದ, "ಅಣ್ಣಾ, ಬ್ಯಾಂಕಿನಾವ್ರು ಏನೋ ತಪ್ಪು ಮಾಡ್ಯಾರ ನೋಡು, ಕ್ರೆಡಿಟ್ ಕಾರ್ಡಿಂದು 40 ಸಾವಿರ ಬಿಲ್ ಇತ್ತು, ಅದರಾಗ 2 ಸಾವಿರ ಕಟ್ಟೇನಿ, ಈಗ ಹೊಸಾ ಬಿಲ್ಲಿನ್ಯಾಗ 40,468 ತೋರಸಾಕತ್ತೈತಿ" ಅಂದ. ಕಟ್ಟಿದ ಮ್ಯಾಲೆ ಸಾಲ ಕಡಿಮಿ ಆಗೂದು ಬಿಟ್ಟು ಜಾಸ್ತಿ ಹೆಂಗ ಆತು ಅನ್ನೂದು ಅವನ ಪ್ರಶ್ನೆ. ನಾನು ಅಮರಗೋಳ ಎಪಿಎಂಸಿ ಒಳಗ ದಲಾಲಿ ಅಂಗಡ್ಯಾಗ ಲೆಕ್ಕ ಬರಿಯಾಂವ, ಬಡ್ಡಿ ಲೆಕ್ಕ ಅಂದ್ರ ನನಗ ದಿನದ ಕೆಲಸ, ಹಂಗಾಗಿ ಸ್ಟೇಟ್‌ಮೆಂಟ್ ಕಳಸು ಅಂತ ಹೇಳಿ ಕೂತು ಪೈಸಾ ಪೈಸಾ ಲೆಕ್ಕಾ ಹಾಕಿದೆ. ಬ್ಯಾಂಕಿನಾವ್ರದು ಒಂದು ರೂಪಾಯಿನೂ ತಪ್ಪಿರಲಿಲ್ಲ. ಅದ ಲೆಕ್ಕ ಇಲ್ಲಿ ಬಿಡಿಸಿ ಬರೀತೇನಿ, ನಿಮ್ಮ ಕಾರ್ಡಿನ ಬಿಲ್ ಮುಂದ ಇಟ್ಕೊಂಡು ಓದ್ರಿ.

ಮೊದಲ ಬಿಲ್ಲಿನ್ಯಾಗ ಏನೇನು ನೋಡ್ಕೋಬೇಕು

ನಾಕು ಸಂಗತಿ ಬರ್ಕೊಳ್ರಿ. ಬಿಲ್ ತಯಾರಾಗೋ ತಾರೀಖು, ಅಂದ್ರ ಸ್ಟೇಟ್‌ಮೆಂಟ್ ಡೇಟ್. ರೊಕ್ಕ ಕಟ್ಟೂ ಕಡೀ ತಾರೀಖು, ಅಂದ್ರ ಡ್ಯೂ ಡೇಟ್. ಟೋಟಲ್ ಡ್ಯೂ ಎಷ್ಟು, ಮಿನಿಮಮ್ ಡ್ಯೂ, ಅಂದ್ರ ಕಡಿಮಿ ಅಂದ್ರೂ ಕಟ್ಟಲೇಬೇಕಾದ ರೊಕ್ಕ, ಎಷ್ಟು. ಇವು ಮೊದಲ ಪುಟದಾಗ ದೊಡ್ಡ ಅಕ್ಷರದಾಗ ಇರ್ತಾವು. ಐದನೇದು ಒಂದೈತಿ, ಅದು ಸಣ್ಣ ಅಕ್ಷರದಾಗ ಹಿಂದಿನ ಪುಟದಾಗ ಕೂತಿರ್ತೈತಿ: ಫೈನಾನ್ಸ್ ಚಾರ್ಜ್, ಅಂದ್ರ ಬಡ್ಡಿ, ತಿಂಗಳಿಗೆ ಇಷ್ಟು ಪರ್ಸೆಂಟ್ ಅಂತ.

ನಮ್ಮ ಹುಡುಗಂದು ಹಿಂಗಿತ್ತು. ಜೂನ್ 5ಕ್ಕ ಕೊಪ್ಪಿಕರ ರೋಡಿನ್ಯಾಗ 40,000 ರೂಪಾಯಿದು ಫ್ರಿಜ್ ತೊಗೊಂಡ, ಕಾರ್ಡ್ ಉಜ್ಜಿದ. ಪ್ರತಿ ತಿಂಗಳಾ 20ಕ್ಕ ಬಿಲ್, ಮುಂದಿನ ತಿಂಗಳಾ 10ಕ್ಕ ಡ್ಯೂ ಡೇಟ್. ಜೂನ್ 20ರ ಬಿಲ್ಲಿನ್ಯಾಗ ಟೋಟಲ್ 40,000, ಮಿನಿಮಮ್ 2,000, ಅಂದ್ರ 5 ಪರ್ಸೆಂಟ್. ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್.

ಇಲ್ಲೇ ಸ್ವಲ್ಪ ನಿಲ್ರಿ. ನಮ್ಮ ಕಡೆ ಕೈಸಾಲದ ಮಾತು ಬಂದ್ರ ನೂರಕ್ಕ ಎರಡು ರೂಪಾಯಿ, ನೂರಕ್ಕ ಮೂರು ರೂಪಾಯಿ ಅಂತ ಮಾತಾಡ್ತೀವಿ, ಮೂರು ಅಂದ್ರ "ಏ ಅದು ಬ್ಯಾಡೋ ಮಾರಾಯಾ, ಮನಿ ಮುಣಗತೈತಿ" ಅಂತ ಮನ್ಯಾಗ ಹಿರ್‍ಯಾರು ಬೈತಾರ. ಕಾರ್ಡಿಂದು ನೂರಕ್ಕ ಮೂರೂವರಿ. ಅದರ ಮ್ಯಾಲೆ ಬಡ್ಡಿಗೆ 18 ಪರ್ಸೆಂಟ್ ಜಿಎಸ್‌ಟಿ ಬ್ಯಾರೆ, ಎರಡೂ ಕೂಡಿದ್ರ ನೂರಕ್ಕ 4 ರೂಪಾಯಿ 13 ಪೈಸೆ. ಕೈಸಾಲ ಕೊಡಾಂವ ಜಿಎಸ್‌ಟಿ ಹಾಕೂದಿಲ್ಲ ಬಿಡ್ರಿ. ವರ್ಷದ ಲೆಕ್ಕದಾಗ ಬರೇ ಬಡ್ಡಿನ 42 ಪರ್ಸೆಂಟ್ ಆತು. ಇದಕ್ಕ ಮಿತಿ ಇಲ್ಲೇನು ಅಂತ ಕೇಳ್ತೀರಿ, ರಾಷ್ಟ್ರೀಯ ಗ್ರಾಹಕ ಆಯೋಗ 2008ರಾಗ ವರ್ಷಕ್ಕ 30 ಪರ್ಸೆಂಟಿನ ಮ್ಯಾಲೆ ತೊಗೋಬಾರ್ದು ಅಂತ ಆದೇಶ ಮಾಡಿತ್ತು, ಆದ್ರ 2024ರ ಡಿಸೆಂಬರದಾಗ ಸುಪ್ರೀಂ ಕೋರ್ಟ್ ಆ ಆದೇಶ ತೆಗೆದು ಹಾಕ್ತು. ಹಂಗಾಗಿ ದರ ಎಷ್ಟಂತ ನಾವ ನೋಡ್ಕೋಬೇಕು.

ಬಡ್ಡಿ ಯಾವತ್ತಿಂದ ಶುರು ಆಗ್ತೈತಿ

ಎಲ್ಲಾರೂ ಎಡವೂದು ಇಲ್ಲೇ. ಹುಡುಗ ತಿಳಕೊಂಡಿದ್ದು ಏನಂದ್ರ, ಜುಲೈ 10ರ ತನಕ ಬಡ್ಡಿ ಇಲ್ಲ, 2 ಸಾವಿರ ಕಟ್ಟೇನಿ, ಉಳಿದ 38 ಸಾವಿರಕ್ಕ ಜುಲೈ 10ರಿಂದ ಬಡ್ಡಿ ಬರ್ತೈತಿ, ಹತ್ತು ದಿನಕ್ಕ ಎಷ್ಟು ಆಗೀತು, ಐನೂರು ರೂಪಾಯಿ. ಕೇಳಾಕ ನ್ಯಾಯ ಅನಸ್ತೈತಿ, ಆದ್ರ ಕಾರ್ಡಿನ ಲೆಕ್ಕ ಹಂಗಿಲ್ಲ. ಆ 45, 50 ದಿನದ ಬಡ್ಡಿ ಇಲ್ಲದ ಅವಧಿ ಐತಲ್ಲ, ಅದು ಟೋಟಲ್ ಡ್ಯೂ ಪೂರ್ತಿ ಕಟ್ಟಿದವ್ರಿಗೆ ಅಷ್ಟ. ಪೂರ್ತಿ ಕಟ್ಟಲಿಲ್ಲ ಅಂದ್ರ ಆ ಸವಲತ್ತು ಹಿಂದಕ್ಕ ಹೋಗ್ತೈತಿ, ಬಡ್ಡಿ ಫ್ರಿಜ್ ತೊಗೊಂಡ ದಿನದಿಂದ, ಜೂನ್ 5ರಿಂದ, ಪೂರಾ 40 ಸಾವಿರದ ಮ್ಯಾಲೆ ಎಣಿಸ್ತಾರ.

ಜೂನ್ 5ರಿಂದ ಜುಲೈ 9ರ ತನಕ 35 ದಿನ, ಬಾಕಿ 40,000. ಜುಲೈ 10ಕ್ಕ 2,000 ಕಟ್ಟಿದ, ಅಲ್ಲಿಂದ ಬಿಲ್ಲಿನ ದಿನ ಜುಲೈ 20ರ ತನಕ 11 ದಿನ, ಬಾಕಿ 38,000. ಮೊಬೈಲ್ ಕ್ಯಾಲ್ಕುಲೇಟರಿನ್ಯಾಗ ಹಿಂಗ ಒತ್ರಿ:

```
ಬಾಕಿ × ದಿನ × ತಿಂಗಳ ದರ × 12 ÷ 365 ÷ 100

40000 × 35 × 3.5 × 12 ÷ 365 ÷ 100 = 1610.96
38000 × 11 × 3.5 × 12 ÷ 365 ÷ 100 = 480.99
```

ಎರಡೂ ಕೂಡಿ 2,091.95. ಅದಕ್ಕ 18 ಪರ್ಸೆಂಟ್ ಜಿಎಸ್‌ಟಿ 376.55. ಒಟ್ಟ 2,468.50. ಇದನ್ನ 38,000ಕ್ಕ ಕೂಡಿಸ್ರಿ, 40,468.50 ಬಂತು, ಅವ ಫೋನಿನ್ಯಾಗ ಹೇಳಿದ್ದ ಅದ ಅಂಕಿ. 2 ಸಾವಿರ ಕಟ್ಟಿದಾಂವ ಎರಡೂವರಿ ಸಾವಿರ ಹೊತ್ಕೊಂಡ. ಅವಗ ಇದನ್ನ ಬಿಡಿಸಿ ಹೇಳಿದಾಗ ಸುಮ್ನಾಗಿಬಿಟ್ಟ, ಆಮ್ಯಾಲೆ "ಹಂಗಂದ್ರ ಆ ಹತ್ತು ದಿನದ ಬಡ್ಡಿ 480 ಅಷ್ಟ, ಉಳಿದದ್ದೆಲ್ಲಾ ಹಿಂದಿಂದು?" ಅಂದ. ಹೌದು, ಹಿಂದಿಂದು.

ಹಂಗಾದ್ರ ಮಿನಿಮಮ್ ಡ್ಯೂ ಯಾಕ ಐತಿ

ಅದರ ಕೆಲಸ ಬ್ಯಾರೆ. ಅಷ್ಟು ಕಟ್ಟಿದ್ರ ನೀವು ಕಂತು ತಪ್ಪಿಸಿದವ್ರು ಅಂತ ಆಗೂದಿಲ್ಲ, ಲೇಟ್ ಫೀ ಬೀಳೂದಿಲ್ಲ, ಸಿಬಿಲ್‌ಗೆ ಬಾಕಿದಾರ ಅಂತ ವರದಿ ಹೋಗೂದಿಲ್ಲ. ಅಷ್ಟ. ಬಡ್ಡಿಗೂ ಅದಕ್ಕೂ ಸಂಬಂಧ ಇಲ್ಲ. ಆ್ಯಪಿನ್ಯಾಗ ಆ ಬಟನ್ ಎದ್ದು ಕಾಣೂಹಂಗ ಇಟ್ಟಿರ್ತಾರ, ಒತ್ತಿದ್ರ ಹಸಿರು ಟಿಕ್ ಬರ್ತೈತಿ, ನೋಡಿದಾಂವಗ ಬಿಲ್ ತೀರಿತು ಅನಸ್ತೈತಿ. ರಿಸರ್ವ್ ಬ್ಯಾಂಕ್ 2022ರಾಗ ತಂದ ನಿಯಮದ ಪ್ರಕಾರ ಪ್ರತಿ ಬಿಲ್ಲಿನ್ಯಾಗೂ ಒಂದು ಎಚ್ಚರಿಕೆ ಹಾಕಬೇಕು, ಬರೇ ಮಿನಿಮಮ್ ಕಟ್ಟಿದ್ರ ಸಾಲ ತೀರಾಕ ತಿಂಗಳಾನುಗಟ್ಟಲೆ, ವರ್ಷಾನುಗಟ್ಟಲೆ ಹಿಡೀತೈತಿ, ಚಕ್ರಬಡ್ಡಿ ಬೀಳ್ತೈತಿ ಅಂತ. ನಿಮ್ಮ ಬಿಲ್ಲಿನ್ಯಾಗ ಹುಡುಕ್ರಿ, ಇರ್ತೈತಿ. ನಾ ತೋರಿಸೂ ತನಕ ನಮ್ಮ ಹುಡುಗ ಅದನ್ನ ಓದಿರಲಿಲ್ಲ.

ಅದ ನಿಯಮದಾಗ ಇನ್ನೊಂದು ಮಾತೈತಿ, ಮಿನಿಮಮ್ ಡ್ಯೂ ಲೆಕ್ಕ ಸಾಲ ಬೆಳಕೋತ ಹೋಗೂ ಹಂಗ ಇರಬಾರ್ದು ಅಂತ. ಒಳ್ಳೇದ ಆತು ಅಂತೀರಿ, ಎರಡನೇ ತಿಂಗಳು ಎಷ್ಟು ಇಳೀತೈತಿ ಅಂತ ನೋಡ್ರಿ.

ಎರಡನೇ ತಿಂಗಳು, ಆಮ್ಯಾಲೆ ಒಂದು ವರ್ಷ

ಜುಲೈ 20ರ ಬಿಲ್ 40,468. ಅದರ 5 ಪರ್ಸೆಂಟ್ 2,023. ಆಗಸ್ಟ್ 10ಕ್ಕ ಅದನ್ನ ಕಟ್ಟಿದ. ಕಟ್ಟೂ ಮೊದಲಿನ 20 ದಿನದ ಬಡ್ಡಿ ಸುಮಾರು 923, ಕಟ್ಟಿದ ಮ್ಯಾಲಿನ 11 ದಿನದ್ದು 487, ಜಿಎಸ್‌ಟಿ 254. ಒಟ್ಟ 1,660ರ ಮ್ಯಾಲೆ ಚಿಲ್ಲರೆ. ಆಗಸ್ಟ್ 20ರ ಬಿಲ್ 40,108 ಆತು. ಅಂದ್ರ 2,023 ಕೊಟ್ಟದ್ದಕ್ಕ ಸಾಲ ಇಳಿದದ್ದು 360 ರೂಪಾಯಿ. ಉಳಿದ ರೊಕ್ಕೆಲ್ಲಾ ಬಡ್ಡಿಗೆ, ತೆರಿಗೆಗೆ ಹೋತು. ಹಳೇ ಬಡ್ಡಿ ಮೂಲದಾಗ ಕೂಡಿ ಅದರ ಮ್ಯಾಲೂ ಬಡ್ಡಿ ಬಿತ್ತು, ಜಿಎಸ್‌ಟಿ ಮ್ಯಾಲೆ, ಫೀ ಮ್ಯಾಲೆ ಮಾತ್ರ ಬಡ್ಡಿ ಹಾಕಬಾರ್ದು ಅಂತ ನಿಯಮ ಐತಿ, ಹಂಗಾಗಿ ಅದನ್ನ ನಾ ಬಿಟ್ಟು ಲೆಕ್ಕಾ ಹಾಕೇನಿ. ನಿಮ್ಮ ಬ್ಯಾಂಕಿನ ಲೆಕ್ಕದಾಗ ಹತ್ತಿಪ್ಪತ್ತು ರೂಪಾಯಿ ಆಚೀಚೆ ಆಗಬಹುದು.

ಗುಟ್ಟು ಇಷ್ಟ: ನೀವು ನೂರಕ್ಕ 5 ಕಟ್ತೀರಿ, ಅದರಾಗ 4 ರೂಪಾಯಿ ಚಿಲ್ಲರೆ ಬಡ್ಡಿ ಮತ್ತ ಜಿಎಸ್‌ಟಿ ತಿಂದು ಹೋಗ್ತಾವು, ಮೂಲಕ್ಕ ಮುಟ್ಟೂದು ಒಂದು ರೂಪಾಯಿನೂ ಇಲ್ಲ. ಅಷ್ಟ ಅಲ್ಲ, ಬಾಕಿ ಇಳಿದಂಗ ಆ 5 ಪರ್ಸೆಂಟೂ ಇಳೀತೈತಿ, ಮಿನಿಮಮ್ ಸಣ್ಣದಾಕೋತ ಹೋಗ್ತೈತಿ, ನಿಮಗ ಕಟ್ಟಾಕ ಹಗುರ ಅನಸ್ತೈತಿ, ಸಾಲ ಮಾತ್ರ ಜಗ್ಗೂದಿಲ್ಲ.

ಇದನ್ನ ಇಡೀ ವರ್ಷ ಎಳೆದು ನೋಡಿದೆ. ಕಾರ್ಡ್ ಮತ್ತೊಮ್ಮೆ ಮುಟ್ಟದ, ಒಂದು ಕಂತೂ ತಪ್ಪಿಸದ, ಪ್ರತಿ 10ಕ್ಕ ಮಿನಿಮಮ್ ಕಟ್ಟಿದ್ರ, ಮುಂದಿನ ಜುಲೈ 20ಕ್ಕ 13 ಕಂತು ಆಗಿರ್ತಾವು. ಕೈಯಿಂದ ಹೋದದ್ದು 25 ಸಾವಿರದ ಆಸುಪಾಸು. ಬಾಕಿ ಇನ್ನೂ 36 ಸಾವಿರದ ಆಸುಪಾಸು. ಸಾಲ ಅರ್ಧಕ್ಕ ಬರಬೇಕಂದ್ರ ಆರು ವರ್ಷದ ಮ್ಯಾಲೆ ಬೇಕು, ಅಷ್ಟೊತ್ತಿಗೆ ಫ್ರಿಜ್ಜಿನ ಕಂಪ್ರೆಸರ್ ಎರಡು ಸಲ ರಿಪೇರಿ ಆಗಿರ್ತೈತಿ.

ಎಲ್ಲಾ ಕಾರ್ಡಿನ್ಯಾಗೂ 5 ಪರ್ಸೆಂಟ್ ಇರೂದಿಲ್ಲ. ಕೆಲವರು ಬಡ್ಡಿ, ಜಿಎಸ್‌ಟಿ, ಫೀ ಪೂರ್ತಿ ಹಿಡಿದು ಅದರ ಮ್ಯಾಲೆ ಮೂಲದ 2 ಪರ್ಸೆಂಟೋ 5 ಪರ್ಸೆಂಟೋ ಕೂಡಿಸ್ತಾರ. ಅಂಥಲ್ಲಿ ಮಿನಿಮಮ್ ಸ್ವಲ್ಪ ದೊಡ್ಡದು ಕಾಣಸ್ತೈತಿ, ಮೂಲ ಸ್ವಲ್ಪ ಜಲ್ದಿ ಇಳೀತೈತಿ, ಆದ್ರ ಬಡ್ಡಿ ಎಣಿಸೂ ರೀತಿ ಅದ. ನಿಮ್ಮದು ಯಾವ ತರಹ ಅಂತ ಬಿಲ್ಲಿನ ಹಿಂದಿನ ಪುಟದಾಗ ಬರೆದಿರ್ತಾರ.

ಬಾಕಿ ಇದ್ದಾಗ ಅದ ಕಾರ್ಡಿನಿಂದ ಕಿರಾಣಿ ತರಬ್ಯಾಡ್ರಿ

ನಮ್ಮ ಹುಡುಗನ ಪುಣ್ಯ, ಆ ಎರಡು ತಿಂಗಳು ಕಾರ್ಡ್ ಬಳಸಿರಲಿಲ್ಲ. ಬಳಸಿದ್ರ ಏನಾಕ್ಕಿತ್ತು ಅಂದ್ರ, ಹಳೇ ಬಾಕಿ ಒಂದು ರೂಪಾಯಿ ಇದ್ದರೂ ಹೊಸಾ ಖರೀದಿಗೆ ಬಡ್ಡಿ ಇಲ್ಲದ ದಿನ ಸಿಗೂದಿಲ್ಲ, ಉಜ್ಜಿದ ದಿನದಿಂದ ಮೀಟರ್ ಓಡ್ತೈತಿ. ಜುಲೈ 25ಕ್ಕ 6,000ದ ಕಿರಾಣಿ ತಂದಿದ್ದ ಅಂತ ಹಿಡೀರಿ. ಆಗಸ್ಟ್ 20ರ ತನಕ 27 ದಿನ, ಬಡ್ಡಿ 186, ಜಿಎಸ್‌ಟಿ ಕೂಡಿ 220. ದುರ್ಗದಬೈಲಿನ್ಯಾಗ ಐದು ರೂಪಾಯಿಗೆ ಅರ್ಧ ತಾಸು ಚೌಕಾಸಿ ಮಾಡೂ ಮಂದಿ ನಾವು, ಅಕ್ಕಿ ಬ್ಯಾಳಿಗೆ 220 ಸುಮ್ನ ಕೊಟ್ಟಂಗ ಆಗ್ತೈತಿ. ಪಾಯಿಂಟ್ ಬರ್ತಾವ, ಕ್ಯಾಶ್‌ಬ್ಯಾಕ್ ಬರ್ತೈತಿ ಅಂತ ಹೇಳಬ್ಯಾಡ್ರಿ, ನೂರಕ್ಕ ಒಂದು ರೂಪಾಯಿ ಬಂದ್ರೂ ನೂರಕ್ಕ ನಾಕು ಹೋಗ್ತಾವು. ಎಟಿಎಂನಿಂದ ಕ್ರೆಡಿಟ್ ಕಾರ್ಡಿನ್ಯಾಗ ರೊಕ್ಕ ತೆಗೆಯೂದಂತೂ ಬಾಕಿ ಇರಲಿ ಬಿಡಲಿ, ಮೊದಲ ದಿನದಿಂದ ಬಡ್ಡಿ, ಮ್ಯಾಲೆ ಫೀ.

ಹೊರಗ ಬರೂ ದಾರಿ, ಒಂದೊಂದ ಹೆಜ್ಜಿ

ಮೊದಲು ಆಟೋಪೇ ನೋಡ್ರಿ. ನಮ್ಮ ಹುಡುಗನ ಕಥಿ ಶುರು ಆದದ್ದ ಅಲ್ಲಿಂದ, ಕಾರ್ಡ್ ತೊಗೊಂಡಾಗ ಆಟೋಪೇ ಮಾಡಿಸಿದ್ದ, ಅದರಾಗ ಟೋಟಲ್ ಡ್ಯೂ, ಮಿನಿಮಮ್ ಡ್ಯೂ ಅಂತ ಎರಡು ಆಯ್ಕೆ ಇರ್ತಾವು, ಇವ ಮಿನಿಮಮ್ ಹಾಕಿಬಿಟ್ಟಿದ್ದ, ಆಮ್ಯಾಲೆ ಆಟೋಪೇ ಐತಲ್ಲ ಅಂತ ಬಿಲ್ ತೆರೆದ ನೋಡಿರಲಿಲ್ಲ. ಆ ತಿಂಗಳು ಅವನ ಖಾತೆಯೊಳಗ 40 ಸಾವಿರ ಪೂರ್ತಿ ಇತ್ತು! ಬ್ಯಾಂಕ್ ಆ್ಯಪಿನ್ಯಾಗ ಕಾರ್ಡಿನ ಸೆಟ್ಟಿಂಗಿಗೆ ಹೋಗಿ ಟೋಟಲ್ ಡ್ಯೂಗೆ ಬದಲಿ ಮಾಡ್ರಿ. ಬದಲಿ ಮಾಡಿದ್ದು ಎಷ್ಟೋ ಸಲ ಮುಂದಿನ ಬಿಲ್ಲಿಂದ ಜಾರಿಗೆ ಬರ್ತೈತಿ, ಈ ತಿಂಗಳಿಂದು ಕೈಲೆ ಕಟ್ಟಬೇಕು, ಅದನ್ನ ಮರೀಬ್ಯಾಡ್ರಿ.

ಆಮ್ಯಾಲೆ ಕಾರ್ಡ್ ಬಳಸೂದು ನಿಲ್ಲಿಸ್ರಿ. ಡಬ್ಯಾಗ ಹಾಕಿ ಇಟ್ರ ಸಾಲೂದಿಲ್ಲ, ಫೋನಿನ್ಯಾಗ ಶಾಪಿಂಗ್ ಆ್ಯಪ್, ಊಟದ ಆ್ಯಪ್ ಒಳಗ ಸೇವ್ ಆಗಿರೂದನ್ನೂ ತೆಗೀರಿ, ತಿಂಗಳಾ ತಿಂಗಳಾ ತಾನ ಕಟ್ ಆಗೂ ಓಟಿಟಿ, ಮೊಬೈಲ್ ಬಿಲ್ ಇದ್ರ ಬ್ಯಾಂಕ್ ಖಾತೆಗೆ ಬದಲಾಸ್ರಿ.

ಮೂರನೇದು, ಸೋವಿ ಸಾಲದಿಂದ ತುಟ್ಟಿ ಸಾಲ ತೀರಿಸೂದು. ಖಾತೆಯೊಳಗ ರೊಕ್ಕ ಇದ್ರ ಪ್ರಶ್ನೆನ ಇಲ್ಲ, ಎಫ್‌ಡಿ ಮುರಿದ್ರೂ ಲಾಭನ. ನಮ್ಮ ಹುಡುಗ ಅಷ್ಟರಾಗ ತಂಗಿ ಕಾಲೇಜ್ ಫೀ ಕಟ್ಟಿ ಕೈ ಖಾಲಿ ಮಾಡ್ಕೊಂಡಿದ್ದ. ಅವನ ಕಂಪನಿ ನೌಕರರ ಸೊಸೈಟಿಯೊಳಗ ವರ್ಷಕ್ಕ 12 ಪರ್ಸೆಂಟಿಗೆ ಸಾಲ ಸಿಗ್ತಿತ್ತು, 40 ಸಾವಿರಕ್ಕ 12 ಕಂತು, ತಿಂಗಳಿಗೆ 3,554, ವರ್ಷದ ಒಟ್ಟು ಬಡ್ಡಿ 2,650ರ ಒಳಗ. ಕಾರ್ಡಿನ ಜುಲೈ 20ರ ಬಿಲ್ಲಿನ್ಯಾಗ ಒಂದೂವರಿ ತಿಂಗಳಿಗೆ ಬಿದ್ದ ಬಡ್ಡಿ ಜಿಎಸ್‌ಟಿ ಕೂಡಿ 2,468 ಇತ್ತಲ್ಲ, ಅದನ್ನ ಇದರ ಬಾಜೂಕ ಇಟ್ಟು ನೋಡ್ರಿ. ಸೊಸೈಟಿ ಇಲ್ಲದವ್ರು ಗೋಲ್ಡ್ ಲೋನ್ ದರ ವಿಚಾರಿಸ್ರಿ, ಆದ್ರ ಬಂಗಾರ ಬಿಡಿಸೂ ತಾರೀಖು ಮೊದಲ ಗಟ್ಟಿ ಮಾಡ್ಕೊಳ್ರಿ.

ಎರಡೂ ಆಗೂದಿಲ್ಲ ಅಂದ್ರ ಕಾರ್ಡಿನ ಬಾಕಿನ ಇಎಂಐ ಮಾಡಿ ಕೊಡ್ರಿ ಅಂತ ಬ್ಯಾಂಕಿಗೆ ಕೇಳ್ರಿ. ದರ ವರ್ಷಕ್ಕ 16 ಅಂತ ಹಿಡಿದ್ರ 40 ಸಾವಿರಕ್ಕ ತಿಂಗಳಿಗೆ 3,629, ವರ್ಷಕ್ಕ ಬಡ್ಡಿ 3,550 ಹತ್ರ, ಅದರ ಮ್ಯಾಲೆ ಜಿಎಸ್‌ಟಿ 640 ಹತ್ರ, ಪ್ರೊಸೆಸಿಂಗ್ ಫೀ ಬ್ಯಾರೆ. ಸೊಸೈಟಿಗಿಂತ ತುಟ್ಟಿ, ಮಿನಿಮಮ್ ಕಟ್ಟೂದಕ್ಕಿಂತ ಎಷ್ಟೋ ಪಾಲು ಸೋವಿ. ಒಂದು ಮಾತು, ಆ ಇಎಂಐ ಕಂತು ಪ್ರತಿ ತಿಂಗಳಾ ಮಿನಿಮಮ್ ಡ್ಯೂ ಒಳಗ ಬಂದು ಕೂಡ್ತೈತಿ, ಹಂಗಾಗಿ ಮಿನಿಮಮ್ ಒಮ್ಮಿಂದೊಮ್ಮೆ ದೊಡ್ಡದು ಕಂಡ್ರ ಗಾಬರಿ ಆಗಬ್ಯಾಡ್ರಿ.

ಯಾವ ಸಾಲನೂ ಸಿಗಲಿಲ್ಲ ಅಂದ್ರ ಮಿನಿಮಮ್ ಅನ್ನೂ ಅಂಕಿನ ಮರೆತು ಒಂದು ಗಟ್ಟಿ ಮೊತ್ತ ಹಿಡೀರಿ. 40,468 ಬಾಕಿಗೆ ತಿಂಗಳಾ 4,000 ಅಂತ ಕಟ್ಟಿಕೋತ ಹೋದ್ರ 13 ಕಂತು, ಕೊನೀಗೆ ಒಂದು ಸಣ್ಣ ಚಿಲ್ಲರೆ ಕಂತು, ಅಲ್ಲಿಗೆ ತೀರ್ತೈತಿ. ಬಡ್ಡಿ 12 ಸಾವಿರ ಹೋಗೇ ಹೋಗ್ತೈತಿ, ನೋವ ಐತಿ, ಆದ್ರ 2,023ರ ದಾರ್‍ಯಾಗ ಆ ಹೊತ್ತಿಗೆ ಇನ್ನೂ 36 ಸಾವಿರ ಬಾಕಿ ಇರ್ತಿತ್ತು ಅನ್ನೂದು ನೆನಪಿರ್ಲಿ. ಮತ್ತ ಕಟ್ಟೂದನ್ನ ಡ್ಯೂ ಡೇಟ್ ತನಕ ಕಾಯಬ್ಯಾಡ್ರಿ, ಬಡ್ಡಿ ದಿನದ ಲೆಕ್ಕ, ಪಗಾರ 1ಕ್ಕ ಬಂದ್ರ 1ಕ್ಕ ಕಟ್ರಿ. 10 ಸಾವಿರವನ್ನ 10ರ ಬದಲಿ 1ಕ್ಕ ಕಟ್ಟಿದ್ರ ಜಿಎಸ್‌ಟಿ ಕೂಡಿ 122 ರೂಪಾಯಿ ಉಳೀತಾವು. ಪೂರ್ತಿ ಕಟ್ಟಾಂವಗ ಕಡೀ ದಿನ ಕಟ್ಟಿದ್ರೂ ನಡೀತೈತಿ, ಬಾಕಿ ಇಟ್ಕೊಂಡಾಂವಗ ನಡ್ಯೂದಿಲ್ಲ.

ತೀರಿಸಿದ ಮ್ಯಾಲೆ ಬರೂ ಬಾಲದ ಬಡ್ಡಿ

ಸೊಸೈಟಿ ಸಾಲ ಸೆಪ್ಟೆಂಬರ್ ಮೊದಲ ವಾರ ಕೈಗೆ ಬಂತು, ಆಗಸ್ಟ್ 20ರ ಬಿಲ್ 40,108 ಪೂರ್ತಿ ಸೆಪ್ಟೆಂಬರ್ 10ಕ್ಕ ಕಟ್ಟಿದ. ನಾಕು ದಿನ ಮೊದಲ ಕಟ್ಟೋ ಅಂತ ಹೇಳಿದ್ದೆ, ಕೇಳಲಿಲ್ಲ. ಸೆಪ್ಟೆಂಬರ್ 20ಕ್ಕ ಮತ್ತ ಫೋನು. "ಅಣ್ಣಾ, ಎಲ್ಲಾ ತೀರಿಸೇನಿ, ಮತ್ತ 1,082 ಬಂದೈತಿ, ಈ ಸಲ ಖರೇನ ತಪ್ಪು ಮಾಡ್ಯಾರ" ಅಂತ.

ತಪ್ಪಲ್ಲ. ಆಗಸ್ಟ್ 20ರ ಬಿಲ್ಲಿನ್ಯಾಗ ಇದ್ದದ್ದು ಆಗಸ್ಟ್ 20ರ ತನಕದ ಬಡ್ಡಿ. ಅವ ಕಟ್ಟಿದ್ದು ಸೆಪ್ಟೆಂಬರ್ 10. ನಡುವಿನ 20 ದಿನ 40 ಸಾವಿರದ ಹತ್ರ ಬಾಕಿ ಇತ್ತಲ್ಲ, ಅದರ ಬಡ್ಡಿ 917, ಜಿಎಸ್‌ಟಿ 165. ಇದು ಬಿಲ್ಲಿನ್ಯಾಗ ಕಾಣದ, ಮುಂದಿನ ಬಿಲ್ಲಿಗೆ ಬಂದು ಕೂಡೂ ಬಡ್ಡಿ. ಭಾಳ ಮಂದಿ ಇಲ್ಲೇ ಮತ್ತ ಸಿಗಾಕಿ ಬೀಳ್ತಾರ, ತೀರಿಸಿಬಿಟ್ಟೆ ಅಂತ ಆ ಬಿಲ್ ನೋಡೂದ ಇಲ್ಲ, ಡ್ಯೂ ಡೇಟ್ ದಾಟ್ತೈತಿ. ಮೂರು ದಿನಕ್ಕಿಂತ ಹೆಚ್ಚು ದಾಟಿದ್ರ ಲೇಟ್ ಫೀ ಹಾಕಬಹುದು, ಸಿಬಿಲ್‌ಗೂ ಕಳಸಬಹುದು, ಅದೂ ಬರೇ ಸಾವಿರ ರೂಪಾಯಿ ಸಲುವಾಗಿ. ತೀರಿಸೂ ದಿನಾನ ಕಸ್ಟಮರ್ ಕೇರಿಗೆ ಫೋನ್ ಮಾಡಿ, ಇವತ್ತಿನ ತನಕದ ಬಡ್ಡಿ ಹಿಡಿದು ಒಟ್ಟು ಎಷ್ಟು ಕಟ್ಟಿದ್ರ ಪೂರ್ತಿ ಮುಗೀತೈತಿ ಅಂತ ಕೇಳ್ರಿ, ಹೇಳಿದ್ರ ಅಷ್ಟು ಕಟ್ರಿ, ಹೇಳಲಿಲ್ಲ ಅಂದ್ರ ಮುಂದಿನ ಬಿಲ್ ಬಂದ ದಿನಾನ ಅದನ್ನ ಪೂರ್ತಿ ಕಟ್ರಿ.

ಅವ 1,082 ಅದ ದಿನ ಕಟ್ಟಿದ. ಅಕ್ಟೋಬರ್ 20ರ ಬಿಲ್ಲಿನ್ಯಾಗ ಫೈನಾನ್ಸ್ ಚಾರ್ಜ್ ಸಾಲಿನ್ಯಾಗ ಸೊನ್ನಿ ಬಂದದ್ದನ್ನ ಇಬ್ರೂ ಕೂತು ನೋಡಿದ್ವಿ, ಆಮ್ಯಾಲನ ಅವನ ಕಾರ್ಡ್ ಡಬ್ಯಾಗಿಂದ ಹೊರಗ ಬಂತು.